ಮಡಕೆ ನೀರು ಹೆಂಗೆ ತಣ್ಣಗಾಗುತ್ತೆ? ಟೆಂಪರೇಚರ್ ಅಂದ್ರೆ ಏನು ಅಂತ ಮನೇಲೇ ಮಾಡಿ ನೋಡೋ ವಿಧಾನ

ಏಪ್ರಿಲ್ ತಿಂಗಳಲ್ಲಿ ಕೋಲಾರದ ಕಡೆ ಮಧ್ಯಾಹ್ನ ನೆರಳಲ್ಲೇ 35 ಡಿಗ್ರಿ ಇರುತ್ತೆ, ಅದೇ ಮನೆ ಮೂಲೇಲಿ ಇಟ್ಟಿರೋ ಮಡಕೆ ನೀರಿಗೆ ಥರ್ಮಾಮೀಟರ್ ಇಳಿಸಿದ್ರೆ 25ರ ಆಸುಪಾಸು ತೋರಿಸುತ್ತೆ. ಕರೆಂಟ್ ಇಲ್ಲ, ಐಸ್ ಇಲ್ಲ, ಹತ್ತು ಡಿಗ್ರಿ ಎಲ್ಲಿಗೋಯ್ತು? ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗರನ್ನ ಕೇಳಿ ನೋಡಿ, "ಮಣ್ಣು ತಂಪು ಸಾರ್" ಅಂತಾರೆ. ಅದೇ ಹುಡುಗರು ಪರೀಕ್ಷೇಲಿ "ಕಣಗಳ ಸರಾಸರಿ ಚಲನ ಶಕ್ತಿಯ ಅಳತೆಯೇ ತಾಪಮಾನ" ಅಂತ ಚೂರೂ ತಪ್ಪಿಲ್ದೆ ಬರೆದು ಮಾರ್ಕ್ಸ್ ತಗೊಂಡಿರ್ತಾರೆ. ಎರಡಕ್ಕೂ ಸಂಬಂಧ ಇದೆ ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಮಣ್ಣು ತಂಪೂ ಅಲ್ಲ ಬಿಸೀನೂ ಅಲ್ಲ, ರೂಮಲ್ಲಿ ಖಾಲಿ ಬಿಟ್ಟ ಮಡಕೆ ರೂಮಿನಷ್ಟೇ ಬಿಸಿ ಇರುತ್ತೆ, ಬೇಕಾದ್ರೆ ಒಳಗಡೆ ಥರ್ಮಾಮೀಟರ್ ಇಟ್ಟು ನೋಡಿ.

ಆ ಒಂದು ಸಾಲಿನ ವ್ಯಾಖ್ಯಾನ ಇಟ್ಕೊಂಡು ಮಡಕೆ ತನಕ ಹೆಂಗೆ ಹೋಗ್ಬೇಕು ಅನ್ನೋದನ್ನ ಸ್ಟೆಪ್ ಸ್ಟೆಪ್ ಆಗಿ ಬರೀತೀನಿ. ಕೂಡೋದು ಭಾಗಿಸೋದು ಬಂದ್ರೆ ಸಾಕು, ಅದಕ್ಕಿಂತ ಜಾಸ್ತಿ ಲೆಕ್ಕ ಬೇಕಾಗಲ್ಲ.

ಬೇಕಾಗಿರೋದು

ಲ್ಯಾಬ್ ಥರ್ಮಾಮೀಟರ್ ಎರಡು, ಗಾಜಿನದು, ಕೆಂಪು ಸ್ಪಿರಿಟ್ ಇರೋ ಥರದ್ದು, 110 ಡಿಗ್ರಿ ತನಕ ಅಳತೆ ಇರ್ಬೇಕು. ಜ್ವರ ನೋಡೋ ಥರ್ಮಾಮೀಟರ್ ಇಲ್ಲಿ ಪ್ರಯೋಜನ ಇಲ್ಲ, ಅದು 35ರಿಂದ 42 ಡಿಗ್ರಿ ಒಳಗಷ್ಟೇ ಕೆಲಸ ಮಾಡೋದು. ಹಳೇ ಕಾಟನ್ ಪಂಚೆ ತುಂಡು, ಎರಡು ಗಾಜಿನ ಲೋಟ, ಇಂಕು, ಒಂದೇ ಅಳತೆಯ ಎರಡು ಮಣ್ಣಿನ ಕುಡಿಕೆ, ಪ್ಲಾಸ್ಟಿಕ್ ಕವರ್. ಅಷ್ಟೆ.

ಮೊದಲು ಥರ್ಮಾಮೀಟರ್ ಸರಿಯಾಗಿದೆಯಾ ನೋಡ್ಕೊಳ್ಳಿ. ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ, ಕಲಸಿ, ಬುಡ ಮುಳುಗಿಸಿದ್ರೆ 0 ಬರ್ಬೇಕು. ಆಮೇಲೆ ಕುದಿಯೋ ನೀರಲ್ಲಿ ನೋಡಿ. ಇಲ್ಲಿ ಬಹಳ ಜನ ಥರ್ಮಾಮೀಟರ್ ಕೆಟ್ಟೋಗಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗ್ತಾರೆ, ಯಾಕಂದ್ರೆ ಕುದೀತಿರೋ ನೀರಲ್ಲಿ 100 ಬರಲ್ಲ, 97ರ ಹತ್ರ ನಿಂತ್ಬಿಡುತ್ತೆ. ಅದು ಸರಿಯಾಗೇ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರು ಸಮುದ್ರ ಮಟ್ಟದಿಂದ ಸುಮಾರು 800-900 ಮೀಟರ್ ಎತ್ತರದಲ್ಲಿವೆ, ನಮ್ ತಲೆ ಮೇಲಿರೋ ಗಾಳಿ ಮಂಗಳೂರಿನವರಿಗಿಂತ ಕಮ್ಮಿ, ಒತ್ತಡಾನೂ ಕಮ್ಮಿ, ಅದಕ್ಕೆ ನೀರಿನ ಗುಳ್ಳೆಗಳು ಆ ಒತ್ತಡಾನ ತಳ್ಕೊಂಡು ಏಳೋಕೆ 100 ಡಿಗ್ರಿ ತನಕ ಕಾಯ್ಬೇಕಾಗಿಲ್ಲ. ನಂದಿ ಬೆಟ್ಟದ ತುದಿ 1,478 ಮೀಟರ್, ಅಲ್ಲಿ ಇನ್ನೂ ಕೆಳಗೆ, ಸುಮಾರು 95ಕ್ಕೇ ಕುದಿಯುತ್ತೆ.

ಸ್ಟೆಪ್ 1: ಕಣಗಳು ಸುಮ್ನೆ ಕೂತಿಲ್ಲ ಅಂತ ನೋಡೋದು

ಒಂದು ಲೋಟದಲ್ಲಿ ಫ್ರಿಜ್ ನೀರು, ಇನ್ನೊಂದರಲ್ಲಿ ಸ್ನಾನದಷ್ಟು ಬಿಸಿ ನೀರು. ಎರಡನ್ನೂ ಅಲುಗಾಡದ ಜಾಗದಲ್ಲಿಟ್ಟು ಐದು ನಿಮಿಷ ಬಿಡಿ, ಯಾಕಂದ್ರೆ ಸುರಿದಾಗ ಎದ್ದ ಸುಳಿ ನಿಲ್ಲಬೇಕು. ಆಮೇಲೆ ಒಂದೊಂದು ಹನಿ ಇಂಕು ಮೆಲ್ಲಗೆ ಬಿಡಿ. ಬಿಸಿ ನೀರಲ್ಲಿ ಬೇಗ ಹರಡುತ್ತೆ, ತಣ್ಣೀರಲ್ಲಿ ದಾರ ದಾರ ಆಗಿ ಬಹಳ ಹೊತ್ತು ಉಳಿಯುತ್ತೆ. ಯಾರೂ ಚಮಚ ಹಾಕಿ ತಿರುಗಿಸ್ತಿಲ್ಲ, ಆದ್ರೂ ಹರಡುತ್ತೆ, ಅಂದ್ರೆ ನೀರಿನ ಅಣುಗಳೇ ಎಲ್ಲಾ ದಿಕ್ಕಿಂದ ಇಂಕಿನ ಕಣಗಳಿಗೆ ಗುದ್ದುತಾ ಇವೆ.

ಇದ್ರಲ್ಲಿ ಒಂದು ಕೊಂಕಿದೆ, ಅದನ್ನ ಹೇಳ್ದೆ ಇದ್ರೆ ಮೋಸ ಆಗುತ್ತೆ. ಬಿಸಿ ನೀರಿನ ಲೋಟ ಹೊರಗಡೆಯಿಂದ ತಣ್ಣಗಾಗ್ತಾ ಇರುತ್ತೆ, ಅದರಿಂದ ಒಳಗೆ ನೀರು ಮೇಲೆ ಕೆಳಗೆ ಸುತ್ತುತ್ತೆ, ಆ ಸುತ್ತಾಟಾನೂ ಇಂಕನ್ನ ಎಳ್ಕೊಂಡು ಹೋಗುತ್ತೆ. ಹಂಗಾಗಿ ನೀವು ನೋಡ್ತಿರೋದು ಪೂರ್ತಿ ಅಣುಗಳ ಗುದ್ದಾಟ ಅಲ್ಲ, ಅರ್ಧಂಬರ್ಧ. ಶುದ್ಧವಾಗಿ ಅದನ್ನೇ ನೋಡ್ಬೇಕು ಅಂದ್ರೆ ಮೈಕ್ರೋಸ್ಕೋಪ್ ಬೇಕು. 1827ರಲ್ಲಿ ರಾಬರ್ಟ್ ಬ್ರೌನ್ ಅನ್ನೋ ಸಸ್ಯವಿಜ್ಞಾನಿ ಪರಾಗದಿಂದ ಹೊರಬಂದ ಸಣ್ಣ ಕಣಗಳು ನೀರಲ್ಲಿ ನಿಲ್ಲದೆ ನಡುಗೋದನ್ನ ನೋಡಿದ್ದು ಅದ್ರಲ್ಲೇ. ಯಾಕೆ ನಡುಗ್ತವೆ ಅನ್ನೋದಕ್ಕೆ ಲೆಕ್ಕ ಸಮೇತ ಉತ್ತರ ಬಂದಿದ್ದು 1905ರಲ್ಲಿ, ಐನ್‌ಸ್ಟೈನ್ ಕೊಟ್ಟಿದ್ದು.

ಎಷ್ಟು ಜೋರಾಗಿ ಓಡಾಡ್ತವೆ ಅಂತ ಒಂದು ಅಂದಾಜಿರಲಿ. ನೀವು ಕೂತಿರೋ ರೂಮಿನ ಗಾಳೀಲಿರೋ ನೈಟ್ರೋಜನ್ ಅಣುವಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 470 ಮೀಟರ್, ಗಂಟೆಗೆ ಲೆಕ್ಕ ಹಾಕಿದ್ರೆ 1,700 ಕಿಲೋಮೀಟರ್ ಹತ್ರ. ಹಂಗಾದ್ರೆ ಅಡುಗೆಮನೆ ಒಗ್ಗರಣೆ ವಾಸನೆ ಹಾಲ್‌ಗೆ ಬರೋಕೆ ಯಾಕೆ ಅಷ್ಟು ಹೊತ್ತು ಅಂತ ಕೇಳ್ಬಹುದು, ಕೇಳಲೇಬೇಕು. ಒಂದು ಅಣು ಒಂದು ಮಿಲಿಮೀಟರ್ ದಾರಿ ಸಾಗೋದ್ರೊಳಗೆ ಹತ್ತು ಸಾವಿರಕ್ಕೂ ಜಾಸ್ತಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆದಿರುತ್ತೆ, ಪ್ರತಿ ಸಲಾನೂ ದಿಕ್ಕು ಬದಲು. ವೇಗ ಇದೆ, ಮುಂದಕ್ಕೆ ಹೋಗೋದು ಮಾತ್ರ ಇಲ್ಲ.

ಸ್ಟೆಪ್ 2: ಹತ್ತು ಕಣ ಇಟ್ಕೊಂಡು ಲೆಕ್ಕ

ಡಿಕ್ಕಿ ಹೊಡೆದಾಗೆಲ್ಲ ಒಂದರ ಶಕ್ತಿ ಇನ್ನೊಂದಕ್ಕೆ ಹೋಗುತ್ತೆ, ಹಂಗಾಗಿ ಒಂದೇ ಲೋಟದಲ್ಲಿ ಎಲ್ಲಾ ಅಣುಗಳಿಗೂ ಒಂದೇ ಶಕ್ತಿ ಇರೋಕೆ ಸಾಧ್ಯಾನೇ ಇಲ್ಲ. ಕೆಲವು ಹೆಚ್ಚುಕಮ್ಮಿ ನಿಂತಂಗೆ ಇರ್ತವೆ, ಬಹುಪಾಲು ಮಧ್ಯದಲ್ಲಿ, ಎಲ್ಲೋ ಕೆಲವು ಭಾರೀ ಜೋರಾಗಿ. ಈ ಹಂಚಿಕೆ ಹೆಂಗಿರುತ್ತೆ ಅಂತ 1860ರಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ತೋರಿಸಿದ್ರು. ನಮಗೆ ಆ ಲೆಕ್ಕ ಬೇಡ, ನೋಟ್‌ಬುಕ್ಕಲ್ಲಿ ಹತ್ತು ಕಣ ಬರ್ಕೊಳ್ಳಿ, ಪ್ರತಿಯೊಂದರ ಶಕ್ತಿ ಇಷ್ಟು ಯೂನಿಟ್ ಅಂತ:

1, 2, 2, 3, 3, 4, 5, 6, 9, 15

ಒಟ್ಟು 50. ಸರಾಸರಿ 5. ಈ 5 ಇದ್ಯಲ್ಲ, ಥರ್ಮಾಮೀಟರ್ ಓದೋದು ಇದನ್ನ. 15ನ್ನೂ ಅಲ್ಲ, 50ನ್ನೂ ಅಲ್ಲ. ಒಂದೇ ಒಂದು ಕಣಕ್ಕೆ ಟೆಂಪರೇಚರ್ ಅನ್ನೋದು ಇರಲ್ಲ, 15 ಯೂನಿಟ್ ಇರೋ ಕಣ "ಬಿಸಿ ಕಣ" ಅಲ್ಲ, ಅದು ಬರೀ ಜೋರಾಗಿ ಹೋಗ್ತಿರೋ ಕಣ, ಮುಂದಿನ ಡಿಕ್ಕೀಲಿ ಅದೇ 3ಕ್ಕೆ ಇಳಿದಿರುತ್ತೆ.

ಇದೇ ಥರದ ಇನ್ನೊಂದು ಹತ್ತು ಕಣ ತಂದು ಸೇರಿಸಿ. ಒಟ್ಟು 100 ಆಯ್ತು, ಕಣ 20, ಸರಾಸರಿ ಮತ್ತೆ 5. ಲೋಟದಲ್ಲಿರೋ 30 ಡಿಗ್ರಿ ನೀರೂ ತೊಟ್ಟೀಲಿರೋ 30 ಡಿಗ್ರಿ ನೀರೂ ಟೆಂಪರೇಚರಲ್ಲಿ ಒಂದೇ, ಒಳಗಿರೋ ಒಟ್ಟು ಶಕ್ತೀಲಿ ಮಾತ್ರ ಅಜಗಜಾಂತರ. ಶಾಖಕ್ಕೂ ತಾಪಮಾನಕ್ಕೂ ವ್ಯತ್ಯಾಸ ಬರೀರಿ ಅಂತ ಕೇಳೋ ಪ್ರಶ್ನೆ ಎಲ್ಲಾ ಇಲ್ಲೇ ಇರೋದು.

ಈಗ ನೀರಲ್ಲೇ ಮಾಡಿ. ಒಂದು ಲೋಟ 60 ಡಿಗ್ರಿ ನೀರು, ಮೂರು ಲೋಟ 24 ಡಿಗ್ರಿ ನೀರು, ಬಕೆಟ್‌ಗೆ ಹಾಕೋಕೆ ಮುಂಚೆ ಎಷ್ಟು ಬರುತ್ತೆ ಹೇಳಿ. ಅವಸರದಲ್ಲಿ 60 ಮತ್ತೆ 24ರ ಮಧ್ಯ 42 ಅಂತ ಹೇಳೋರೇ ಜಾಸ್ತಿ. ಆದ್ರೆ ತಣ್ಣನೆ ಅಣುಗಳು ಮೂರು ಪಟ್ಟು ಇವೆ, ಸರಾಸರಿ ತೆಗೆಯುವಾಗ ಅವನ್ನ ಮೂರು ಸಲ ಎಣಿಸ್ಬೇಕು: 60 + 24 + 24 + 24 = 132, ನಾಲ್ಕರಿಂದ ಭಾಗಿಸಿದ್ರೆ 33. ಥರ್ಮಾಮೀಟರಲ್ಲಿ ನೋಡಿದ್ರೆ 33ಕ್ಕಿಂತ ಒಂಚೂರು ಕಮ್ಮಿ ಬರುತ್ತೆ, ಬಕೆಟ್ಟು ಸ್ವಲ್ಪ ಕುಡಿಯುತ್ತೆ, ಸುರಿಯುವಾಗ ಆವಿಯಾಗಿ ಸ್ವಲ್ಪ ಹೋಗುತ್ತೆ. 38-40 ಬಂತು ಅಂದ್ರೆ ಅದು ಬಕೆಟ್ ತಪ್ಪಲ್ಲ, ನೀವು ಕಲಸದೆ ಮೇಲಿನ ಬಿಸಿ ಪದರದಲ್ಲೇ ಅಳತೆ ತಗೊಂಡಿದೀರಿ. ಕೈಯಾಡಿಸಿ ಇನ್ನೊಂದ್ಸಲ ನೋಡಿ.

ಒಂದು ಎಚ್ಚರಿಕೆ. ಈ ಲೆಕ್ಕ ನೀರಿಗೆ ನೀರು ಸೇರಿಸಿದಾಗ ಮಾತ್ರ. ಬಿಸಿ ನೀರಿಗೆ ಅಷ್ಟೇ ತೂಕದ ಕಬ್ಬಿಣದ ಗುಂಡು ಹಾಕಿದ್ರೆ ಹಿಂಗೆ ಬರಲ್ಲ, ಒಂದು ಕೆ.ಜಿ. ಕಬ್ಬಿಣದಲ್ಲಿರೋ ಕಣಗಳ ಸಂಖ್ಯೇನೂ ಬೇರೆ, ಕೊಟ್ಟ ಶಾಖಾನ ಅವು ಇಟ್ಕೊಳ್ಳೋ ರೀತೀನೂ ಬೇರೆ.

ಸ್ಟೆಪ್ 3: ಸೊನ್ನೆ ಎಲ್ಲಿದೆ ಅಂತ ಗೊತ್ತು ಮಾಡ್ಕೊಳ್ಳೋದು

60 ಡಿಗ್ರಿ ನೀರಿನ ಅಣುಗಳಿಗೆ 30 ಡಿಗ್ರಿ ನೀರಿನ ಅಣುಗಳ ಎರಡರಷ್ಟು ಶಕ್ತಿ ಇದೆಯಾ? ಇಲ್ಲ. ಸೆಲ್ಸಿಯಸ್ ಸೊನ್ನೆ ಅಂದ್ರೆ ಐಸ್ ಕರಗೋ ಜಾಗ ಅಷ್ಟೆ, ಅಲ್ಲಿ ಕಣಗಳೇನೂ ನಿಂತುಹೋಗಿರಲ್ಲ, ಚೆನ್ನಾಗೇ ಅಲುಗಾಡ್ತಿರ್ತವೆ. ನಿಜವಾದ ಸೊನ್ನೆ ಇರೋದು ಮೈನಸ್ 273.15 ಡಿಗ್ರೀಲಿ, ಕೆಲ್ವಿನ್ ಅಳತೆ ಶುರುವಾಗೋದು ಅಲ್ಲಿಂದ. ಅದಕ್ಕೆ 273 ಕೂಡಿ ನೋಡಿ: 30 ಡಿಗ್ರಿ ಅಂದ್ರೆ 303 ಕೆಲ್ವಿನ್, 60 ಡಿಗ್ರಿ ಅಂದ್ರೆ 333 ಕೆಲ್ವಿನ್. ಸರಾಸರಿ ಚಲನ ಶಕ್ತಿ ಜಾಸ್ತಿಯಾಗಿರೋದು ನೂರಕ್ಕೆ ಹತ್ತು ಮಾತ್ರ, ವೇಗ ಅಂತೂ ನೂರಕ್ಕೆ ಐದು ಅಷ್ಟೇ. ಕೈ ಸುಡೋ ನೀರಿಗೂ ಕುಡಿಯೋ ನೀರಿಗೂ ಅಣುಗಳ ಲೆಕ್ಕದಲ್ಲಿ ಇಷ್ಟೇ ವ್ಯತ್ಯಾಸ ಅಂದ್ರೆ ನಂಬೋಕೆ ಕಷ್ಟ, ಆದ್ರೆ ಸತ್ಯ.

ಶಕ್ತಿ ಸಮ ಇದ್ರೆ ವೇಗಾನೂ ಸಮ ಅಂತಲೂ ಅಂದ್ಕೋಬೇಡಿ. ಒಂದೇ ಟೆಂಪರೇಚರಲ್ಲಿ ಹೈಡ್ರೋಜನ್ ಅಣು ಆಕ್ಸಿಜನ್ ಅಣುಗಿಂತ ನಾಲ್ಕು ಪಟ್ಟು ಜೋರಾಗಿ ಓಡುತ್ತೆ, ಯಾಕಂದ್ರೆ ತೂಕ ಹದಿನಾರನೇ ಒಂದು ಭಾಗ. ಹಗುರ ಇದ್ದದ್ದು ಜೋರು, ಭಾರ ಇದ್ದದ್ದು ನಿಧಾನ, ಸರಾಸರಿ ಶಕ್ತಿ ಎರಡಕ್ಕೂ ಒಂದೇ.

ಸ್ಟೆಪ್ 4: ಫ್ಯಾನ್ ಟೆಸ್ಟ್

ಇದು ನನಗೆ ಬಹಳ ಇಷ್ಟ, ಯಾಕಂದ್ರೆ ಮಾಡೋಕೆ ಐದು ನಿಮಿಷ, ಜಗಳ ಆಡೋಕೆ ಅರ್ಧ ಗಂಟೆ ಸಿಗುತ್ತೆ. ಫ್ಯಾನ್ ಆಫ್ ಮಾಡಿ, ಒಣಗಿರೋ ಥರ್ಮಾಮೀಟರನ್ನ ಗಾಳೀಲಿ ನೇತುಹಾಕಿ ಅಳತೆ ಬರ್ಕೊಳ್ಳಿ. ಆಮೇಲೆ ಫ್ಯಾನ್ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಇಳಿಯುತ್ತೆ ಅಂತ ಎಲ್ಲರೂ ಬೆಟ್ ಕಟ್ತಾರೆ, ಇಳಿಯಲ್ಲ. ಇದ್ದಲ್ಲೇ ಇರುತ್ತೆ. ತಾರಸಿ ಬಿಸಿಲಿಗೆ ಕಾದಿದ್ರೆ ಫ್ಯಾನ್ ಮೇಲಿನ ಬಿಸಿ ಗಾಳೀನ ಕೆಳಗೆ ತಳ್ಳಿ ಸ್ವಲ್ಪ ಏರಿದ್ರೂ ಏರಬಹುದು.

ಸ್ವಲ್ಪ ಜಾಣ ಹುಡುಗರು ಉಲ್ಟಾ ಪ್ರಶ್ನೆ ಕೇಳ್ತಾರೆ: ಫ್ಯಾನ್ ಗಾಳಿ ಅಣುಗಳನ್ನ ಇನ್ನೂ ಜೋರಾಗಿ ತಳ್ಳುತ್ತೆ ತಾನೇ, ಚಲನ ಶಕ್ತಿ ಜಾಸ್ತಿ ಆಯ್ತು, ಹಂಗಾದ್ರೆ ಟೆಂಪರೇಚರ್ ಏರಬೇಕಲ್ವಾ? ಒಳ್ಳೇ ಪ್ರಶ್ನೆ. ಟೆಂಪರೇಚರ್‌ಗೆ ಲೆಕ್ಕ ಬರೋದು ದಿಕ್ಕುದೆಸೆ ಇಲ್ಲದ ಓಡಾಟ ಮಾತ್ರ. ಎಲ್ಲಾ ಅಣುಗಳೂ ಒಟ್ಟಿಗೆ ಒಂದೇ ಕಡೆ ಸಾಗೋದು ಲೆಕ್ಕಕ್ಕಿಲ್ಲ. ಕೋಲಾರದಿಂದ ಬೆಂಗಳೂರಿಗೆ ಕಿಟಕಿ ಮುಚ್ಕೊಂಡು ಹೈವೇಲಿ ಹೋಗ್ತಿರೋ ಬಸ್ಸಿನ ಒಳಗಿನ ಗಾಳೀನೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗ್ತಿರುತ್ತೆ, ಅದಕ್ಕೆ ಅಂತ ಒಳಗೆ ಬಿಸಿಯಾಗಲ್ಲ. ಇನ್ನು ಫ್ಯಾನ್ ಕೊಡೋ ವೇಗ ಸೆಕೆಂಡಿಗೆ ಎರಡು ಮೂರು ಮೀಟರ್. ಆ ಸಾಲು ಓಟ ಪೂರ್ತಿ ಗೋಡೆಗೆ ಬಡಿದು ಚೆಲ್ಲಾಪಿಲ್ಲಿ ಓಡಾಟ ಆಗಿಬಿಟ್ರೂ ಆ ಗಾಳಿ ಬಿಸಿಯಾಗೋದು ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತಲೂ ಕಮ್ಮಿ.

ಹಂಗಾದ್ರೆ ಫ್ಯಾನ್ ಕೆಳಗೆ ನಮಗ್ಯಾಕೆ ತಂಪು? ನಾವು ಒಣ ಥರ್ಮಾಮೀಟರ್ ಅಲ್ಲ, ಬೆವರಿರೋ ಥರ್ಮಾಮೀಟರ್.

ಸ್ಟೆಪ್ 5: ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್

ಎರಡು ಥರ್ಮಾಮೀಟರ್ ಪಕ್ಕ ಪಕ್ಕ ನೇತುಹಾಕಿ. ಒಂದರ ಬುಡಕ್ಕೆ ಪಂಚೆ ತುಂಡು ಒಂದೇ ಸುತ್ತು ಸುತ್ತಿ ನೀರಲ್ಲಿ ಅದ್ದಿ. ಈ ನೀರು ರಾತ್ರಿಯಿಂದ ಅದೇ ರೂಮಲ್ಲಿ ಸ್ಟೀಲ್ ಪಾತ್ರೇಲಿ ಇಟ್ಟಿದ್ದಾಗಿರ್ಬೇಕು, ಇಲ್ದೇ ಹೋದ್ರೆ ನೀರೇ ತಣ್ಣಗಿತ್ತು ಅಂತ ಯಾರಾದ್ರೂ ತಗಾದೆ ತೆಗೀತಾರೆ. ಈಗ ಫ್ಯಾನ್ ಹಾಕಿ. ಒಣಗಿರೋದು ಅಲ್ಲಾಡಲ್ಲ, ಒದ್ದೆ ಇರೋದು ಕಣ್ಣೆದುರಿಗೇ ಇಳಿಯೋಕೆ ಶುರುವಾಗುತ್ತೆ. ಏಪ್ರಿಲ್ ಮಧ್ಯಾಹ್ನ ಗಾಳೀಲಿ ತೇವಾಂಶ ನೂರಕ್ಕೆ 30ರಷ್ಟಿದ್ದು ಒಣ ಥರ್ಮಾಮೀಟರ್ 35 ತೋರಿಸ್ತಿದ್ರೆ, ಒದ್ದೆದು ಸುಮಾರು 22ಕ್ಕೆ ಬಂದು ನಿಲ್ಲುತ್ತೆ. ಹದಿಮೂರು ಡಿಗ್ರಿ ವ್ಯತ್ಯಾಸ, ಒಂದು ಬಟ್ಟೆ ಚೂರಿಂದ.

ಅಷ್ಟು ಇಳೀಲಿಲ್ಲ ಅಂದ್ರೆ ನೋಡ್ಬೇಕಾಗಿರೋದು ಎರಡು ಮೂರು. ಬಟ್ಟೆ ದಪ್ಪ ಸುತ್ತಿದ್ರೆ ಹೊರ ಪದರ ತಣ್ಣಗಾಗುತ್ತೆ, ಒಳಗಿನ ಬುಡಕ್ಕೆ ಸರಿಯಾಗಿ ಮುಟ್ಟಲ್ಲ. ಬಟ್ಟೆ ಮಧ್ಯದಲ್ಲೇ ಒಣಗಿಬಿಟ್ಟಿದ್ರೆ ಅಳತೆ ಮತ್ತೆ ಮೇಲಕ್ಕೆ ಹೋಗುತ್ತೆ, ಅದಕ್ಕೆ ಬಟ್ಟೆಯ ತುದೀನ ಸಣ್ಣ ಬಟ್ಟಲು ನೀರಲ್ಲಿ ಇಳಿಬಿಡಿ. ಮತ್ತೆ ಅಳತೆ ಓದುವಾಗ ಮುಖ ಹತ್ರ ತಗೊಂಡು ಹೋಗಿ ಉಸಿರು ಬಿಡ್ಬೇಡಿ, ಬಿಸಿಲಿಗೂ ಇಡ್ಬೇಡಿ.

ಈಗ ಆ ಹತ್ತು ಕಣಕ್ಕೆ ವಾಪಸ್ ಬನ್ನಿ. ನೀರಿನ ಅಣುಗಳು ಒಂದನ್ನೊಂದು ಎಳೆದು ಹಿಡ್ಕೊಂಡಿರ್ತವೆ. ಮೇಲ್ಮೈ ಬಿಟ್ಟು ಗಾಳಿಗೆ ಹಾರ್ಬೇಕು ಅಂದ್ರೆ ಆ ಎಳೆತ ಕಿತ್ಕೊಂಡು ಹೋಗುವಷ್ಟು ಶಕ್ತಿ ಬೇಕು, ನಮ್ ಲೆಕ್ಕದಲ್ಲಿ ಅದು 12 ಯೂನಿಟ್ ಅಂತ ಇಟ್ಕೊಳ್ಳೋಣ. ಯಾರು ಹೋಗ್ಬಹುದು? 15 ಇರೋನು ಒಬ್ಬನೇ. ಅವನು ಹೋದ. ಉಳಿದಿದ್ದು ಒಂಬತ್ತು ಕಣ, 35 ಯೂನಿಟ್, ಸರಾಸರಿ 3.9. ಐದಿದ್ದದ್ದು ನಾಲ್ಕಕ್ಕಿಂತ ಕೆಳಗೆ ಬಂತು, ಉಳಿದೋರು ಯಾರೂ ಏನೂ ಕಳ್ಕೊಂಡಿಲ್ಲ, ಆದ್ರೂ. ಟಾಪರ್ ಒಬ್ಬ ಟಿಸಿ ತಗೊಂಡು ಬೇರೆ ಕಾಲೇಜಿಗೆ ಹೋದ್ರೆ ಕ್ಲಾಸಿನ ಸರಾಸರಿ ಮಾರ್ಕ್ಸ್ ಬೀಳುತ್ತಲ್ಲ, ಹಂಗೇ. ವ್ಯತ್ಯಾಸ ಏನಂದ್ರೆ ಕಣಗಳು ಸುಮ್ನಿರಲ್ಲ, ಉಳಿದ ಒಂಬತ್ತೂ ಡಿಕ್ಕಿ ಹೊಡ್ಕೊಂಡು ಶಕ್ತಿ ಮರುಹಂಚಿಕೆ ಮಾಡ್ಕೊಳ್ತವೆ, ಅದ್ರಲ್ಲಿ ಯಾವುದೋ ಒಂದಕ್ಕೆ ಅದೃಷ್ಟಕ್ಕೆ 12ಕ್ಕಿಂತ ಜಾಸ್ತಿ ಸಿಗುತ್ತೆ, ಅದೂ ಹಾರುತ್ತೆ, ಸರಾಸರಿ ಇನ್ನೂ ಇಳಿಯುತ್ತೆ.

ನಿಜವಾದ ನೀರಲ್ಲಿ ಈ ಗೋಡೆ ನಾನು ಹೇಳಿದ್ದಕ್ಕಿಂತ ಎತ್ತರ. ರೂಮ್ ಟೆಂಪರೇಚರಲ್ಲಿ ಒಂದು ಅಣು ಹೊರಗೆ ಹೋಗೋಕೆ ಬೇಕಾಗೋ ಶಕ್ತಿ ಅಲ್ಲಿನ ಸರಾಸರಿ ಚಲನ ಶಕ್ತಿಯ ಹತ್ತು ಪಟ್ಟಿಗೂ ಜಾಸ್ತಿ. ಹಂಗಾಗಿ ಯಾವ ಕ್ಷಣದಲ್ಲಿ ನೋಡಿದ್ರೂ ಹೋಗೋ ಯೋಗ್ಯತೆ ಇರೋ ಅಣುಗಳು ಬೆರಳೆಣಿಕೆ ಅನ್ನೋಷ್ಟು ಅಪರೂಪ. ಆದ್ರೆ ಒಂದು ಗ್ರಾಂ ನೀರಲ್ಲಿ ಅಣುಗಳ ಸಂಖ್ಯೆ ಬರೆಯೋಕೆ 33 ಆದ್ಮೇಲೆ ಇಪ್ಪತ್ತೊಂದು ಸೊನ್ನೆ ಹಾಕ್ಬೇಕು, ಅಪರೂಪದವರೂ ಕೋಟಿಗಟ್ಟಲೆ ಇರ್ತಾರೆ. 30 ಡಿಗ್ರಿ ನೀರು ಕುದೀದೇನೇ ಆವಿ ಆಗೋದು ಹೆಂಗೆ ಅನ್ನೋದಕ್ಕೆ ಉತ್ತರ ಇದೇ. ಸರಾಸರೀಲಿರೋ ಅಣುಗೆ ಸಾಧ್ಯ ಇಲ್ಲ, ಸರಾಸರಿಗಿಂತ ಬಹಳ ಮೇಲಿರೋ ಅಣುಗೆ ಸಾಧ್ಯ.

ಇಲ್ಲಿ ಇನ್ನೊಂದು ಅನುಮಾನ ಬರ್ಬೇಕು. ಜೋರಾಗಿರೋ ಅಣುಗಳೇ ಹೊರಗೆ ಹೋದ್ವು ಅಂದ್ಮೇಲೆ ಹೊರಗೆ ಬಂದ ಆವಿ ಬಿಸಿಯಾಗಿರ್ಬೇಕಲ್ವಾ? ಒದ್ದೆ ಬಟ್ಟೆ ಪಕ್ಕ ಕೈ ಹಿಡಿದ್ರೆ ಬಿಸಿ ಗಾಳಿ ಏನೂ ಬರಲ್ಲ. ಯಾಕಂದ್ರೆ 15 ಇಟ್ಕೊಂಡು ಹೊರಟೋನು ಬಿಡಿಸ್ಕೊಳ್ಳೋಕೇ 12 ಖರ್ಚು ಮಾಡಿದ, ಹೊರಗೆ ಬಂದಾಗ ಕೈಯಲ್ಲಿ ಉಳಿದಿದ್ದು 3. ಆ 12 ಯೂನಿಟ್ ಓಡಾಟದ ರೂಪದಲ್ಲಿ ಉಳಿದಿಲ್ಲ, ಅಣುಗಳನ್ನ ದೂರ ಮಾಡೋಕೆ ಹೋಯ್ತು. ಥರ್ಮಾಮೀಟರ್‌ಗೆ ಅದು ಕಾಣಲ್ಲ.

ಫ್ಯಾನ್ ಏನ್ ಮಾಡುತ್ತೆ ಅನ್ನೋದು ಈಗ ಸಲೀಸು. ಹಾರಿದ ಅಣುಗಳು ಬಟ್ಟೆ ಹತ್ರಾನೇ ಸುಳಿದಾಡ್ತಿದ್ರೆ ವಾಪಸ್ ನೀರಿಗೆ ಬೀಳೋದೂ ಇರುತ್ತೆ, ಬೀಳುವಾಗ ಆ ಎಳೆತದಿಂದ ವೇಗ ಪಡ್ಕೊಂಡೇ ಬೀಳ್ತವೆ, ಶಕ್ತಿ ಮತ್ತೆ ಒಳಗೆ ಬರುತ್ತೆ. ಫ್ಯಾನ್ ಅವನ್ನ ದೂರ ತಳ್ಳುತ್ತೆ, ವಾಪಸ್ ಬರೋಕೆ ಬಿಡಲ್ಲ. ಅದರ ಕೆಲಸ ಅಷ್ಟೆ. ನೀರಿನ ಬದಲು ಸರ್ಜಿಕಲ್ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ನೋಡಿದ್ರೆ ಇನ್ನೂ ಬೇಗ ಇಳಿಯುತ್ತೆ, ಅಲ್ಲಿ ಅಣುಗಳ ಹಿಡಿತ ಸಡಿಲ, ಒಂದೇ ಹೊತ್ತಿಗೆ ಹೆಚ್ಚು ಜನ ಹಾರ್ತಾರೆ. ಸ್ಟವ್, ದೀಪ ಹತ್ರ ಇದನ್ನ ಮಾತ್ರ ಮಾಡ್ಬೇಡಿ.

ಸ್ಟೆಪ್ 6: ಈಗ ಮಡಕೆ

ಎರಡು ಕುಡಿಕೇನೂ ಹಿಂದಿನ ದಿನ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಎರಡಕ್ಕೂ ಒಂದೇ ಪಾತ್ರೆಯಿಂದ ಸಮ ಸಮ ನೀರು ಹಾಕಿ, ಬಾಯಿಗೆ ಮುಚ್ಚಳ ಮುಚ್ಚಿ, ಒಂದರ ಮೈಗೆ ಪೂರ್ತಿ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಎರಡನ್ನೂ ನೆರಳಲ್ಲಿ, ಗಾಳಿ ಆಡೋ ಜಾಗದಲ್ಲಿ, ಪಕ್ಕ ಪಕ್ಕ ಇಡಿ. ಮಧ್ಯಾಹ್ನ ಎರಡೂ ಅಳೆದು ನೋಡಿದ್ರೆ ಕವರ್ ಸುತ್ತಿದ್ದು ಹೆಚ್ಚುಕಮ್ಮಿ ರೂಮಿನಷ್ಟೇ ಇರುತ್ತೆ, ಬರೀ ಮೈಯ್ಯಿದು ಎಷ್ಟೋ ಡಿಗ್ರಿ ಕೆಳಗಿರುತ್ತೆ. ಅದೇ ಮಣ್ಣು, ಅದೇ ನೀರು. ಮಣ್ಣು ತಂಪು ಅನ್ನೋ ವಾದ ಇಲ್ಲಿಗೆ ಮುಗೀತು. ಸುಟ್ಟ ಮಣ್ಣಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ, ನೀರು ಅದರಲ್ಲಿ ಜಿನುಗಿ ಹೊರಮೈಗೆ ಬರುತ್ತೆ, ಅಲ್ಲಿಂದ ಜೋರಿರೋ ಅಣುಗಳು ಹಾರಿಹೋಗ್ತವೆ, ತಣ್ಣಗಾದ ಹೊರಮೈ ಒಳಗಿನ ನೀರಿಂದ ಶಾಖ ಎಳ್ಕೊಳ್ಳುತ್ತೆ. ಮಣ್ಣಿನ ಪಾತ್ರ ಇಲ್ಲಿ ನೀರನ್ನ ಹೊರಗೆ ಬಿಡೋದಷ್ಟೆ.

ಎಷ್ಟು ನೀರು ಹೋಗ್ಬೇಕು ಅಂತ ಲೆಕ್ಕ ಹಾಕೋಣ. ಎಂಟು ಲೀಟರ್ ನೀರು ಹಿಡಿಯೋ ಮಡಕೆ, ನೀರು 33 ಡಿಗ್ರೀಲಿದೆ, 25ಕ್ಕೆ ಇಳೀಬೇಕು. ಒಂದು ಕೆ.ಜಿ. ನೀರು ಒಂದು ಡಿಗ್ರಿ ಇಳಿಯೋಕೆ ಹೊರಗೆ ಹೋಗ್ಬೇಕಾದ ಶಕ್ತಿ ಸುಮಾರು 4.2 ಕಿಲೋಜೂಲ್. ಎಂಟು ಕೆ.ಜಿ., ಎಂಟು ಡಿಗ್ರಿ, ಒಟ್ಟು 269 ಕಿಲೋಜೂಲ್. ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ತಗೊಂಡು ಹೋಗೋದು ಸುಮಾರು 2.4 ಕಿಲೋಜೂಲ್. ಭಾಗಿಸಿದ್ರೆ 112 ಗ್ರಾಂ. ಅರ್ಧ ಲೋಟ ನೀರು ಹೋದ್ರೆ ಎಂಟು ಲೀಟರ್ ತಣ್ಣಗೆ. ನಿಜವಾಗ್ಲೂ ಇದಕ್ಕಿಂತ ಜಾಸ್ತಿ ಹೋಗುತ್ತೆ, ಯಾಕಂದ್ರೆ ಸುತ್ತಲಿನ 35 ಡಿಗ್ರಿ ಗಾಳಿ ಮಡಕೆಗೆ ಶಾಖ ಕೊಡ್ತಾನೇ ಇರುತ್ತೆ, ಅದನ್ನೂ ಹೊರಗೆ ಹಾಕ್ಬೇಕು. ಒಳಗೆ ಬರೋದೂ ಹೊರಗೆ ಹೋಗೋದೂ ಸಮ ಆದಾಗ ಮಡಕೆ ಇಳಿಯೋದು ನಿಲ್ಲುತ್ತೆ. ಒದ್ದೆ ಥರ್ಮಾಮೀಟರ್ ತೋರಿಸಿದ 22 ಇದ್ಯಲ್ಲ, ಅದು ಕಡೇ ಗಡಿ, ಆ ದಿನದ ಗಾಳೀಲಿ ಮಡಕೆ ಅದಕ್ಕಿಂತ ಕೆಳಗೆ ಹೋಗೋಕೆ ಆಗಲ್ಲ, ಸಾಮಾನ್ಯವಾಗಿ ಕೆಲವು ಡಿಗ್ರಿ ಮೇಲೇ ಉಳಿಯುತ್ತೆ.

ಅದಕ್ಕೇ ಇದೇ ಮಡಕೆ ಮಳೆಗಾಲದಲ್ಲಿ ಕೈ ಕೊಡುತ್ತೆ. ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 80 ಇದ್ರೆ ಒದ್ದೆ ಥರ್ಮಾಮೀಟರ್ ನಿಲ್ಲೋದು 25ರ ಹತ್ರ, ಮೂರು ಡಿಗ್ರಿಗೆ ಆಟ ಮುಗೀತು. ಗಾಳೀಲಿ ಆಗಲೇ ನೀರಿನ ಅಣುಗಳು ತುಂಬಿರ್ತವೆ, ಹೆಚ್ಚುಕಮ್ಮಿ ಹಾರಿ ಹೋಗುವಷ್ಟೇ ಜನ ವಾಪಸ್ ಬೀಳ್ತಿರ್ತಾರೆ. ಕರಾವಳಿ ಕಡೆ ನೆಂಟರ ಮನೇಲಿ ಬೇಸಿಗೇಲೂ ಮಡಕೆ ನೀರು ನಮ್ಮೂರಷ್ಟು ತಣ್ಣಗಾಗಲ್ಲ ಅನ್ನೋದೂ ಇದಕ್ಕೇ. ಪಾವಗಡ, ಬಾಗೇಪಲ್ಲಿ ಕಡೆ ಒಣ ಗಾಳೀಲಿ ಮಡಕೆ ಮಾಡೋ ಕೆಲಸವನ್ನ ಅಲ್ಲಿ ಅದೇ ಮಡಕೆ ಮಾಡಲ್ಲ.

ಬೇಸಿಗೇಲೇ ಮಡಕೆ ತಣ್ಣಗಾಗ್ತಿಲ್ಲ ಅಂದ್ರೆ ಹೊರಮೈ ಮುಟ್ಟಿ ನೋಡಿ. ಒಣಗಿದ್ರೆ ರಂಧ್ರ ಕಟ್ಕೊಂಡಿವೆ, ನಮ್ ಕಡೆ ಬೋರ್‌ವೆಲ್ ನೀರು ಗಡಸು, ಸುಣ್ಣದಂಥ ಬಿಳೀ ಪದರ ಕೂತು ಹಳೇ ಮಡಕೆ ಮುಚ್ಚಿಹೋಗುತ್ತೆ, ತೆಂಗಿನ ನಾರು ಹಾಕಿ ಉಜ್ಜಿದ್ರೆ ಸ್ವಲ್ಪ ಸರಿಹೋಗುತ್ತೆ, ಪೂರ್ತಿ ಕಟ್ಟಿದ್ರೆ ಹೊಸದು ತರೋದೇ. ಬಣ್ಣ, ಪಾಲಿಶ್ ಹಾಕಿರೋ ಚೆಂದದ ಮಡಕೆ ತಂದಿದ್ರೆ ಅದು ಪ್ಲಾಸ್ಟಿಕ್ ಸುತ್ತಿದ ಕುಡಿಕೆ ಇದ್ದಂಗೇ. ಹೊರಮೈ ಒದ್ದೆ ಇದ್ದೂ ತಣ್ಣಗಾಗ್ತಿಲ್ಲ ಅಂದ್ರೆ ಗಾಳಿ ಆಡ್ತಿಲ್ಲ, ಅಡುಗೆಮನೆ ಮೂಲೆಯಿಂದ ಎತ್ತಿ ಕಿಟಕಿ ಹತ್ರ ಇಡಿ.

ಈ ವ್ಯಾಖ್ಯಾನ ಎಲ್ಲಿ ತನಕ

ಕೊನೇದಾಗಿ ಮೊದಲು ಮಾಡಿದಂಗೇ ಇನ್ನೊಂದ್ಸಲ ಪುಡಿ ಐಸಿಗೆ ನೀರು ಕಲಸಿ ಒಲೆ ಮೇಲೆ ಪಾತ್ರೆಗೆ ಸುರಿದು ಸಣ್ಣ ಉರೀಲಿ ಕಲಸ್ತಾ ಬನ್ನಿ, ಥರ್ಮಾಮೀಟರ್ ಬುಡ ಪಾತ್ರೆ ತಳಕ್ಕೆ ತಾಗದಂಗೆ ಹಿಡ್ಕೊಳ್ಳಿ. ಉರಿ ಶಕ್ತಿ ಕೊಡ್ತಾನೇ ಇದೆ, ಅಳತೆ ಮಾತ್ರ 0 ಬಿಟ್ಟು ಏಳಲ್ಲ, ಐಸ್ ಚೂರು ಉಳಿದಿರೋ ತನಕ. 0 ಡಿಗ್ರಿ ಐಸಿನ ಅಣುಗೂ 0 ಡಿಗ್ರಿ ನೀರಿನ ಅಣುಗೂ ಸರಾಸರಿ ಚಲನ ಶಕ್ತಿ ಒಂದೇ, ಆದ್ರೆ ಒಂದು ಗ್ರಾಂ ಐಸನ್ನ ನೀರು ಮಾಡೋಕೆ 334 ಜೂಲ್ ಸುರೀಬೇಕು. ಅದು ಹೋಗೋದು ಮಡಕೆ ಕೇಸಲ್ಲಿ ಆ 12 ಯೂನಿಟ್ ಹೋದ ಕಡೇಗೇ, ಅಣುಗಳ ಹಿಡಿತ ಬಿಡಿಸೋಕೆ. "ಶಾಖ ಕೊಟ್ರೆ ಟೆಂಪರೇಚರ್ ಏರಲೇಬೇಕು" ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ಕಳ್ಕೊಳ್ಳೋದು ಇಲ್ಲೇ. ಕೊಟ್ಟ ಶಾಖ ಓಡಾಟಕ್ಕೆ ಹೋದ್ರೆ ಏರುತ್ತೆ, ಹಿಡಿತ ಬಿಡಿಸೋಕೆ ಹೋದ್ರೆ ಏರಲ್ಲ. ಕೊನೇ ಐಸ್ ಚೂರು ಕರಗಿದ ಮೇಲೆ ನೋಡಿ, ಅದೇ ಉರೀಲಿ ಅಳತೆ ಸರಸರ ಮೇಲಕ್ಕೆ ಹೋಗುತ್ತೆ.